‘ಅಲಾಂಗ್ ವಿತ್’ ಬಂದ್ರೆ ಈಸ್ ಹಾಕೋದಾ, ಆರ್ ಹಾಕೋದಾ? ಇಂಗ್ಲಿಷ್ ವಾಕ್ಯದ ಕರ್ತೃ-ಕ್ರಿಯಾಪದ ಜಗಳ ಬಿಡಿಸೋ ವಿಧಾನ

ಎಸ್‌ಎಸ್‌ಸಿ, ಬ್ಯಾಂಕ್ ಎಕ್ಸಾಮಿಗೆ ಓದ್ತಿರೋರು ಕೇಳ್ತಾರೆ, ಆಫೀಸಲ್ಲಿ ಇಂಗ್ಲಿಷ್ ಮೇಲ್ ಬರೆಯೋರೂ ಕೇಳ್ತಾರೆ, ಪ್ರಶ್ನೆ ಮಾತ್ರ ತಿರುಗಿ ತಿರುಗಿ ಅದೇ: ಟೀಮ್ ಅಂದ್ಮೇಲೆ ಅದರಲ್ಲಿ ಹನ್ನೊಂದು ಜನ ಇರ್ತಾರಲ್ವಾ, ಮತ್ಯಾಕೆ ಈಸ್? ಐದರ್-ಓರ್ ಇದ್ದಾಗ ಯಾರನ್ನ ನೋಡಿ ವರ್ಬ್ ಹಾಕ್ಬೇಕು? ಅಲಾಂಗ್ ವಿತ್, ಆ್ಯಸ್ ವೆಲ್ ಆ್ಯಸ್ ಬಂದಾಗ ಇಬ್ಬರಾಗಿಬಿಟ್ರಲ್ಲ, ಆರ್ ಯಾಕೆ ತಪ್ಪು? ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯೋ ಬದಲು ಮೂರನ್ನೂ ಒಂದೇ ಕಡೆ ಬರೆದುಬಿಡ್ತೀನಿ, ನಿಧಾನವಾಗಿ ಓದಿ.

ಶುರು ಮಾಡೋಕೆ ಮುಂಚೆ ಒಂದು ವಿಷಯ. ಇಂಗ್ಲಿಷ್ ವಾಕ್ಯಗಳನ್ನ ಕನ್ನಡ ಲಿಪೀಲೇ ಬರೆದಿದೀನಿ. ‘ಅಥವಾ’ ಅನ್ನೋ ಅರ್ಥದ ಪದಾನೂ ‘ಇದ್ದಾರೆ’ ಅನ್ನೋ ಅರ್ಥದ ಪದಾನೂ ನಮ್ಮ ಬಾಯಲ್ಲಿ ‘ಆರ್’ ಅಂತಾನೇ ಬರುತ್ತೆ, ಅದಕ್ಕೆ ಅಥವಾಗೆ ‘ಓರ್’ ಅಂತ ಬರೀತೀನಿ, ಈಸ್-ಆರ್ ಜೋಡಿಗೆ ಮಾತ್ರ ‘ಆರ್’. ಗೊಂದಲ ಮಾಡ್ಕೋಬೇಡಿ.

ಏನೇನು ಗೊತ್ತಿರ್ಬೇಕು

ಜಾಸ್ತಿ ಏನಿಲ್ಲ, ಎರಡೇ ವಿಷಯ.

ಒಂದು, ನೌನ್‌ಗೆ ಕೊನೇಲಿ ‘ಸ್’ ಸೇರಿದ್ರೆ ಬಹುವಚನ, ವರ್ಬ್‌ಗೆ ‘ಸ್’ ಸೇರಿದ್ರೆ ಏಕವಚನ. ಉಲ್ಟಾ. ‘ಬಾಯ್ ರನ್ಸ್, ಬಾಯ್ಸ್ ರನ್’. ಹಾಗಾಗಿ ಈಸ್, ಹ್ಯಾಸ್, ಡಸ್, ವಾಸ್ ಇವೆಲ್ಲ ಏಕವಚನ, ಆರ್, ಹ್ಯಾವ್, ಡೂ, ವರ್ ಇವು ಬಹುವಚನ. ಹತ್ತಾರು ರೂಲ್ ಬಾಯಿಪಾಠ ಮಾಡಿರ್ತಾರೆ, ಕರ್ತೃ ಯಾವುದು ಅಂತಾನೂ ಸರಿಯಾಗೇ ಹುಡುಕಿರ್ತಾರೆ, ಆದ್ರೆ ಬಹುವಚನ ಅಂದ ತಕ್ಷಣ ಕೈ ತಾನಾಗೇ ವರ್ಬ್‌ಗೆ ‘ಸ್’ ಸೇರಿಸಿಬಿಡುತ್ತೆ.

ಎರಡು, ಈ ಸಮಸ್ಯೆ ಎಲ್ಲಾ ಕಾಲದಲ್ಲೂ ಇಲ್ಲ. ‘ಕೇಮ್, ವೆಂಟ್, ಸಬ್ಮಿಟೆಡ್’ ಅಂತ ಭೂತಕಾಲ ಇದ್ರೆ ಒಬ್ಬ ಬಂದ್ರೂ ನೂರು ಜನ ಬಂದ್ರೂ ಅದೇ ರೂಪ. ವಿಲ್, ಕ್ಯಾನ್, ಮಸ್ಟ್, ಮೇ, ಶಲ್ ಬಂದ್ರೂ ಅಷ್ಟೇ. ತಲೆ ಕೆಡಿಸ್ಕೋಬೇಕಾಗಿರೋದು ವರ್ತಮಾನ ಕಾಲ, ಆಮೇಲೆ ವಾಸ್-ವರ್, ಇಷ್ಟರಲ್ಲೇ. ಈ ಎರಡನೇದನ್ನ ನೆನಪಲ್ಲಿ ಇಟ್ಕೊಳ್ಳಿ, ಕೊನೇ ಹಂತದಲ್ಲಿ ಉಪಯೋಗಕ್ಕೆ ಬರುತ್ತೆ.

ಹಂತ 1: ಮೊದಲು ತಲೆಪದ ಹುಡುಕಿ

ವರ್ಬ್ ಯಾರ ಮಾತು ಕೇಳುತ್ತೋ ಆ ಒಂದು ನೌನ್‌ನ ಹೆಡ್ ನೌನ್ ಅಂತಾರೆ, ನಾನು ತಲೆಪದ ಅಂತೀನಿ. ಕರ್ತೃ ಅಂತ ನಾವು ಅನ್ಕೊಳ್ಳೋದು ಎಷ್ಟೋ ಸಲ ನಾಲ್ಕೈದು ಪದದ ಗುಂಪು, ಅದರಲ್ಲಿ ತಲೆ ಒಂದೇ.

ಇದನ್ನ ಹುಡುಕೋಕೆ ಕನ್ನಡದೋರಿಗೆ ಒಂದು ಒಳ್ಳೆ ಸೌಕರ್ಯ ಇದೆ, ಅದನ್ನ ಯಾರೂ ಬಳಸಲ್ಲ. ‘ಹುಡುಗರ ಜೊತೆ ನಾಯಿ ಬಂತು’ ಅಂತೀವಿ. ಹುಡುಗರು ಎಷ್ಟೇ ಜನ ಇರ್ಲಿ, ‘ಬಂದ್ರು’ ಅಂತ ಯಾರ ಬಾಯಲ್ಲೂ ಬರಲ್ಲ. ತಿರುಗಿಸಿ, ‘ನಾಯಿ ಜೊತೆ ಹುಡುಗರು ಬಂದ್ರು’, ಈಗ ‘ಬಂತು’ ಬರಲ್ಲ. ರೂಲ್ ಯಾರೂ ಹೇಳಿಕೊಟ್ಟಿಲ್ಲ, ಆದ್ರೂ ತಪ್ಪಲ್ಲ. ಯಾಕಂದ್ರೆ ಕನ್ನಡದಲ್ಲಿ ಜೊತೇಲಿ ಬಂದೋರಿಗೆ ‘ಹುಡುಗರ’ ಅಂತ ವಿಭಕ್ತಿ ಅಂಟಿರುತ್ತೆ, ಅದರ ಮೇಲೆ ಕ್ರಿಯಾಪದ ವಾಕ್ಯದ ಕೊನೇಲಿ ಬರುತ್ತೆ, ಸಾಮಾನ್ಯವಾಗಿ ನಿಜವಾದ ಕರ್ತೃ ಅದರ ಪಕ್ಕದಲ್ಲೇ ಇರುತ್ತೆ.

ಇಂಗ್ಲಿಷಲ್ಲಿ ಈ ಎರಡು ಅನುಕೂಲಾನೂ ಇಲ್ಲ. ‘ದಿ ಡಾಗ್ ಅಲಾಂಗ್ ವಿತ್ ದಿ ಬಾಯ್ಸ್...’ ಇಲ್ಲಿ ‘ಬಾಯ್ಸ್’ಗೆ ವಿಭಕ್ತಿ ಇಲ್ಲ, ನೋಡೋಕೆ ಕರ್ತೃ ಥರಾನೇ ಇದೆ, ಸಾಲದ್ದಕ್ಕೆ ಬಂದು ವರ್ಬ್ ಪಕ್ಕದಲ್ಲೇ ಕೂತಿದೆ. ಕಿವಿ ಪಕ್ಕದಲ್ಲಿರೋದನ್ನ ಕೇಳಿ ‘ಆರ್’ ಅನ್ನುತ್ತೆ. ಈ ಪಾಠದಲ್ಲಿ ಆಗೋ ತಪ್ಪುಗಳಲ್ಲಿ ಬಹುಪಾಲು ಹುಟ್ಟೋದು ಇಲ್ಲೇ.

ಹಾಗಾಗಿ ಟೆಸ್ಟ್ ಹೀಗೆ: ವಾಕ್ಯವನ್ನ ಮನಸಲ್ಲೇ ಕನ್ನಡಕ್ಕೆ ತಿರುಗಿಸಿ. ಯಾವ ಪದಕ್ಕೆ ‘ಅ’, ‘ರ’, ‘ಗಳ’, ‘ಗಳಲ್ಲಿ’, ‘ಜೊತೆ’ ಅಂಟ್ಕೊಳ್ಳುತ್ತೋ ಅದು ತಲೆಪದ ಅಲ್ಲ. ಏನೂ ಅಂಟದೆ ನಿಂತಿರೋದೇ ತಲೆಪದ.

‘ದಿ ಪೈಲ್ ಆಫ್ ಬುಕ್ಸ್’ ಅಂದ್ರೆ ಪುಸ್ತಕಗಳ ರಾಶಿ. ‘ಗಳ’ ಅಂಟಿರೋದು ಪುಸ್ತಕಕ್ಕೆ, ತಲೆಪದ ರಾಶಿ. ಆದ್ರಿಂದ ಈಸ್. ‘ಒನ್ ಆಫ್ ದಿ ಗರ್ಲ್ಸ್’ ಅಂದ್ರೆ ಹುಡುಗಿಯರಲ್ಲಿ ಒಬ್ಬಳು, ತಲೆಪದ ಒಬ್ಬಳು, ಈಸ್. ಇನ್ನು ಎಲ್ಲರನ್ನೂ ಕಾಡೋ ಜೋಡಿ, ‘ದಿ ನಂಬರ್ ಆಫ್ ಸ್ಟೂಡೆಂಟ್ಸ್’, ‘ಎ ನಂಬರ್ ಆಫ್ ಸ್ಟೂಡೆಂಟ್ಸ್’. ನೋಡೋಕೆ ಒಂದೇ ಥರ. ಕನ್ನಡ ಮಾಡಿ: ಮೊದಲನೇದು ‘ವಿದ್ಯಾರ್ಥಿಗಳ ಸಂಖ್ಯೆ’, ಎರಡನೇದು ‘ಹಲವಾರು ವಿದ್ಯಾರ್ಥಿಗಳು’. ಮೊದಲನೇದ್ರಲ್ಲಿ ತಲೆಪದ ಸಂಖ್ಯೆ, ಈಸ್. ಎರಡನೇದ್ರಲ್ಲಿ ವಿದ್ಯಾರ್ಥಿಗಳೇ ತಲೆ, ಆರ್. ‘ದಿ ಬಂದ್ರೆ ಸಿಂಗುಲರ್, ಎ ಬಂದ್ರೆ ಪ್ಲೂರಲ್’ ಅಂತ ಕೋಚಿಂಗಲ್ಲಿ ಬಾಯಿಪಾಠ ಮಾಡಿಸ್ತಾರಲ್ಲ, ಎಕ್ಸಾಮ್ ಹಾಲಲ್ಲಿ ಅದು ಯಾವುದಕ್ಕೆ ಯಾವುದು ಅಂತ ಅದಲು ಬದಲಾಗುತ್ತೆ, ಇದು ಆಗಲ್ಲ.

ಈ ಟೆಸ್ಟ್ ಕೈಕೊಡೋ ಜಾಗ ಎರಡಿದೆ. ಒಂದು ಗೌರವದ ಬಹುವಚನ. ‘ಮಿನಿಸ್ಟರ್ ಬಂದಿದಾರೆ’ ಅಂತ ಕನ್ನಡದಲ್ಲಿ ಅಂತೀವಿ ಅಂತ ‘ದಿ ಮಿನಿಸ್ಟರ್ ಹ್ಯಾವ್ ಕಮ್’ ಅಂದ್ರೆ ಮುಗೀತು. ಇಂಗ್ಲಿಷ್ ವರ್ಬ್‌ಗೆ ಮರ್ಯಾದೆ ಗೊತ್ತಿಲ್ಲ, ತಲೆ ಎಣಿಸೋದು ಅಷ್ಟೇ. ಕನ್ನಡ ಮಾಡೋದು ತಲೆಪದ ಹುಡುಕೋಕೆ ಮಾತ್ರ, ವಚನವನ್ನ ಇಂಗ್ಲಿಷ್ ಲೆಕ್ಕದಲ್ಲೇ ನೋಡಿ. ಎರಡನೇದು ಆ್ಯಸ್ ವೆಲ್ ಆ್ಯಸ್, ಅದು ಹಂತ 2ರಲ್ಲಿ ಬರುತ್ತೆ.

ಹಂತ 2: ಜೊತೇಲಿ ಬಂದೋರನ್ನ ಎಣಿಸ್ಬೇಡಿ

ಅಲಾಂಗ್ ವಿತ್, ಟುಗೆದರ್ ವಿತ್, ಬರೀ ವಿತ್, ಆ್ಯಸ್ ವೆಲ್ ಆ್ಯಸ್, ಇನ್ ಅಡಿಷನ್ ಟು, ಬಿಸೈಡ್ಸ್, ಇನ್‌ಕ್ಲೂಡಿಂಗ್, ಅಕಂಪನೀಡ್ ಬೈ. ಇವು ಯಾವುದೂ ‘ಆ್ಯಂಡ್’ ಅಲ್ಲ. ಆ್ಯಂಡ್ ಇಬ್ಬರನ್ನೂ ಸಮ ಮಾಡಿ ಒಂದೇ ಕರ್ತೃ ಮಾಡುತ್ತೆ, ಅದಕ್ಕೇ ಬಹುವಚನ. ಇವು ಒಬ್ಬರನ್ನ ಕರ್ತೃವಾಗಿ ಇಟ್ಟು ಇನ್ನೊಬ್ಬರನ್ನ ಮದುವೆಗೆ ಬಂದ ನೆಂಟರ ಥರ ಪಕ್ಕದಲ್ಲಿ ಕೂರಿಸುತ್ತೆ. ವರ್ಬ್ ನೋಡೋದು ಮೊದಲನೇ ಪದವನ್ನ ಮಾತ್ರ.

ಮಾಡ್ಬೇಕಾಗಿರೋದು ಇಷ್ಟು: ಅಲಾಂಗ್ ವಿತ್‌ನಿಂದ ಹಿಡಿದು ವರ್ಬ್‌ವರೆಗೆ ಇರೋದನ್ನ ಬೆರಳಲ್ಲಿ ಮುಚ್ಚಿ, ಉಳಿದಿದ್ದನ್ನ ಓದಿ.

‘ದಿ ಮಿನಿಸ್ಟರ್, ಅಲಾಂಗ್ ವಿತ್ ಹಿಸ್ ಆಫೀಸರ್ಸ್, ... ಅರೈವ್ಡ್.’ ಮುಚ್ಚಿದ್ರೆ ‘ದಿ ಮಿನಿಸ್ಟರ್... ಅರೈವ್ಡ್’. ಮಧ್ಯ ಹ್ಯಾಸ್.

‘ದಿ ಆಫೀಸರ್ಸ್, ಅಲಾಂಗ್ ವಿತ್ ದಿ ಮಿನಿಸ್ಟರ್, ... ಅರೈವ್ಡ್.’ ಮುಚ್ಚಿದ್ರೆ ‘ದಿ ಆಫೀಸರ್ಸ್... ಅರೈವ್ಡ್’. ಮಧ್ಯ ಹ್ಯಾವ್.

ಎರಡನೇದನ್ನ ಬೇಕಂತಲೇ ಕೊಟ್ಟೆ. ‘ಅಲಾಂಗ್ ವಿತ್ ಬಂದ್ರೆ ಸಿಂಗುಲರ್’ ಅಂತ ಅರ್ಧ ರೂಲ್ ಕಲಿತೋರು ಬಹಳ ಜನ ಇದಾರೆ. ಹಾಗಲ್ಲ, ಅಲಾಂಗ್ ವಿತ್ ಬಂದ್ರೆ ಅದರ ಮುಂಚೆ ಇರೋದು ಏನೋ ಅದು. ಮುಂಚೆ ಇರೋದು ಬಹುವಚನ ಆದ್ರೆ ವರ್ಬೂ ಬಹುವಚನ.

ಇನ್ನೊಂದು, ಕಾಮಾ. ಒಳ್ಳೆ ಬರವಣಿಗೇಲಿ ಈ ಜೊತೆಯ ತುಂಡಿನ ಎರಡೂ ಕಡೆ ಕಾಮಾ ಹಾಕ್ತಾರೆ, ಆಗ ಮುಚ್ಚೋ ಜಾಗ ಕಣ್ಣಿಗೆ ಕಾಣುತ್ತೆ. ಎಕ್ಸಾಮ್ ಪ್ರಶ್ನೇಲಿ ಕೆಲವು ಸಲ ಕಾಮಾ ತೆಗೆದಿರ್ತಾರೆ, ನೀವು ಬೀಳ್ಲಿ ಅಂತಾನೇ. ಕಾಮಾ ಇಲ್ಲ ಅಂತ ರೂಲ್ ಬದಲಾಗಲ್ಲ.

ಈಗ ಆ್ಯಸ್ ವೆಲ್ ಆ್ಯಸ್. ಡಿಕ್ಷನರೀಲಿ, ಟ್ರಾನ್ಸ್‌ಲೇಷನ್ ಪಾಠದಲ್ಲಿ ಇದಕ್ಕೆ ‘ಮತ್ತು’, ‘ಹಾಗೂ’ ಅಂತ ಅರ್ಥ ಕೊಟ್ಟಿರ್ತಾರೆ. ‘ದಿ ಸೆಕ್ರೆಟರಿ ಆ್ಯಸ್ ವೆಲ್ ಆ್ಯಸ್ ದಿ ಮೆಂಬರ್ಸ್’ ಅಂದ್ರೆ ‘ಕಾರ್ಯದರ್ಶಿ ಹಾಗೂ ಸದಸ್ಯರು’ ಅಂತ ಮಾಡಿದ್ರೆ ಯಾವುದಕ್ಕೂ ವಿಭಕ್ತಿ ಅಂಟಲಿಲ್ಲ, ಹಂತ 1ರ ಟೆಸ್ಟ್ ಪ್ರಕಾರ ಇಬ್ಬರೂ ತಲೆಪದ, ಬಹುವಚನ. ತಪ್ಪು ಉತ್ತರ ಬಂತು. ಹಾಗಾಗಿ ಆ್ಯಸ್ ವೆಲ್ ಆ್ಯಸ್ ಕಂಡಾಗ ‘ಹಾಗೂ’ ಅನ್ನೋದನ್ನ ಮರೆತು ‘ಸದಸ್ಯರ ಜೊತೆಗೆ ಕಾರ್ಯದರ್ಶಿನೂ’ ಅಂತ ತಿರುಗಿಸಿ. ಆಗ ಸದಸ್ಯರಿಗೆ ‘ರ’ ಅಂಟುತ್ತೆ, ಕಾರ್ಯದರ್ಶಿ ಒಬ್ಬನೇ ಉಳೀತಾನೆ, ಈಸ್.

ಈ ಹಂತದಲ್ಲಿ ಅತಿ ಹೆಚ್ಚು ಜನ ಬೀಳೋ ಪ್ರಶ್ನೆ ಇದು:

‘ಐ, ಆ್ಯಸ್ ವೆಲ್ ಆ್ಯಸ್ ಮೈ ಫ್ರೆಂಡ್ಸ್, ... ಗೋಯಿಂಗ್ ಟು ಮೈಸೂರು.’

ಆರ್ ಅಂತ ಕಿವಿ ಕೂಗುತ್ತೆ, ಆರ್ ಬೇಡ ಅಂದ್ರೆ ಈಸ್ ಅಂತ ಕೈ ಹೋಗುತ್ತೆ. ಮುಚ್ಚಿ ಓದಿ: ‘ಐ ... ಗೋಯಿಂಗ್’. ಆ್ಯಮ್. ‘ಐ, ಆ್ಯಸ್ ವೆಲ್ ಆ್ಯಸ್ ಮೈ ಫ್ರೆಂಡ್ಸ್, ಆ್ಯಮ್ ಗೋಯಿಂಗ್’. ಕೇಳೋಕೆ ವಿಚಿತ್ರ, ನಿಜ, ಆದ್ರೆ ಸರಿ. ಮಾತಾಡೋವಾಗ ಯಾರೂ ಹೀಗೆ ಮಾತಾಡಲ್ಲ, ‘ಮೈ ಫ್ರೆಂಡ್ಸ್ ಆ್ಯಂಡ್ ಐ ಆರ್ ಗೋಯಿಂಗ್’ ಅಂತಾರೆ, ನೀವೂ ಹಾಗೇ ಅನ್ನಿ. ಇಬ್ಬರೂ ಸಮ ಅಂತ ಹೇಳೋದಿದ್ರೆ ಆ್ಯಂಡ್ ಹಾಕೋದೇ ನೇರ ದಾರಿ, ಆ್ಯಸ್ ವೆಲ್ ಆ್ಯಸ್ ಹಾಕಿದ್ರೆ ಇಂಗ್ಲಿಷ್ ದೊಡ್ಡದಾಗಿ ಕಾಣುತ್ತೆ ಅನ್ನೋದು ನಮ್ಮ ಕಡೆ ಒಂದು ಭ್ರಮೆ.

ಆ್ಯಂಡ್ ವಿಷಯ ಬಂತಲ್ಲ, ಒಂದೇ ಮಾತು. ‘ದಿ ಸೆಕ್ರೆಟರಿ ಆ್ಯಂಡ್ ಟ್ರೆಷರರ್’ ಅಂತ ‘ದಿ’ ಒಂದೇ ಸಲ ಬಂದ್ರೆ ಎರಡೂ ಹುದ್ದೆ ಒಬ್ಬರದೇ ಅಂತ ಗ್ರಾಮರ್ ಪ್ರಶ್ನೇಲಿ ತಗೊಳ್ತಾರೆ, ಈಸ್. ‘ದಿ ಸೆಕ್ರೆಟರಿ ಆ್ಯಂಡ್ ದಿ ಟ್ರೆಷರರ್’ ಅಂದ್ರೆ ಇಬ್ಬರು, ಆರ್.

ಹಂತ 3: ಕಲೆಕ್ಟಿವ್ ನೌನ್ ಇದ್ರೆ ಒಂದಾಗಿದೆಯಾ, ಬಿಡಿಬಿಡಿಯಾ ನೋಡಿ

ಕಲೆಕ್ಟಿವ್ ನೌನ್ ಅಂದ್ರೆ ಸಮೂಹವಾಚಕ. ಟೀಮ್, ಕಮಿಟಿ, ಜ್ಯೂರಿ, ಫ್ಯಾಮಿಲಿ, ಗೌರ್ನಮೆಂಟ್, ಸ್ಟಾಫ್, ಕ್ರೌಡ್. ಪದ ಒಂದು, ಒಳಗೆ ಜನ ಹಲವರು.

ಇಲ್ಲಿ ರೂಲ್ ಒಂದೇ ಅಲ್ಲ, ಅದಕ್ಕೇ ಪುಸ್ತಕದಿಂದ ಪುಸ್ತಕಕ್ಕೆ ಉತ್ತರ ಬೇರೆ ಬರೋದು. ಅಮೆರಿಕದೋರು ಹೆಚ್ಚುಕಮ್ಮಿ ಯಾವಾಗಲೂ ಏಕವಚನ ಹಾಕ್ತಾರೆ. ಬ್ರಿಟಿಷರು ಎರಡನ್ನೂ ಬಳಸ್ತಾರೆ, ಗುಂಪು ಒಂದಾಗಿ ಏನಾದ್ರೂ ಮಾಡ್ತಿದ್ರೆ ಏಕವಚನ, ಒಳಗಿನ ಜನ ಬೇರೆ ಬೇರೆ ಕಂಡ್ರೆ ಬಹುವಚನ. ನಮ್ಮಲ್ಲಿ ಸ್ಕೂಲಲ್ಲಿ ಹೇಳಿಕೊಡೋದು ಈ ಬ್ರಿಟಿಷ್ ಪದ್ಧತಿ.

ಉದಾಹರಣೆಗೆ ‘ದಿ ಜ್ಯೂರಿ ಹ್ಯಾಸ್ ಗಿವನ್ ಇಟ್ಸ್ ವರ್ಡಿಕ್ಟ್’. ತೀರ್ಪು ಒಂದು, ಎಲ್ಲರೂ ಸೇರಿ ಕೊಟ್ಟಿದ್ದು, ಹ್ಯಾಸ್. ‘ದಿ ಜ್ಯೂರಿ ವರ್ ಡಿವೈಡೆಡ್ ಇನ್ ದೇರ್ ಒಪೀನಿಯನ್ಸ್’. ಒಳಗೆ ಜಗಳ ಬಿದ್ದಿದೆ, ಒಬ್ಬೊಬ್ಬರದ್ದು ಒಂದೊಂದು ಅಭಿಪ್ರಾಯ, ವರ್. ಒಂದು ವಸ್ತು ತನ್ನ ಜೊತೆ ತಾನೇ ಭಿನ್ನಾಭಿಪ್ರಾಯ ಇಟ್ಕೊಳ್ಳೋಕೆ ಆಗಲ್ಲ, ಅದಕ್ಕೆ ಅಲ್ಲಿ ಜನ ಕಾಣಿಸಲೇಬೇಕು.

ಎಕ್ಸಾಮಲ್ಲಿ ಇದನ್ನ ಹೇಗೆ ಪತ್ತೆ ಹಚ್ಚೋದು? ವಾಕ್ಯದಲ್ಲೇ ಸುಳಿವು ಬಿಟ್ಟಿರ್ತಾರೆ, ಎರಡು ಕಡೆ ನೋಡಿ. ಮೊದಲು ವರ್ಬ್‌ನ ಅರ್ಥ: ಡಿವೈಡೆಡ್, ಡಿಫರ್, ಕ್ವಾರಲ್, ಡಿಸಗ್ರೀ ಅನ್ನೋ ಥರದ್ದು ಇದ್ರೆ, ಅಥವಾ ‘ಟುಕ್ ದೇರ್ ಸೀಟ್ಸ್’ ಥರ ಒಬ್ಬೊಬ್ಬರೂ ಬೇರೆ ಬೇರೆ ಮಾಡೋ ಕೆಲಸ ಇದ್ರೆ ಬಹುವಚನ. ಆಮೇಲೆ ಸರ್ವನಾಮ: ಮುಂದೆ ಎಲ್ಲೋ ‘ಇಟ್ಸ್’ ಇದ್ರೆ ವರ್ಬೂ ಏಕವಚನ ಇರಬೇಕು, ‘ದೇರ್’, ‘ದೆಮ್‌ಸೆಲ್ವ್ಸ್’ ಇದ್ರೆ ವರ್ಬೂ ಬಹುವಚನ. ಎರಡು ಸುಳಿವೂ ಸಿಗಲಿಲ್ಲ ಅಂದ್ರೆ ಏಕವಚನ ಹಾಕಿ, ಸೇಫ್.

ನಿಮ್ಮದೇ ಬರವಣಿಗೇಲಿ ದೊಡ್ಡ ತಪ್ಪು ಈಸ್-ಆರ್ ಆರಿಸೋದ್ರಲ್ಲಿ ಆಗಲ್ಲ, ಒಂದೇ ವಾಕ್ಯದಲ್ಲಿ ಎರಡೂ ದೋಣಿಗೆ ಕಾಲಿಡೋದ್ರಲ್ಲಿ ಆಗುತ್ತೆ. ‘ದಿ ಕಮಿಟಿ ಹ್ಯಾಸ್ ಸಬ್ಮಿಟೆಡ್ ದೇರ್ ರಿಪೋರ್ಟ್’. ಹ್ಯಾಸ್ ಅಂದ್ಮೇಲೆ ‘ಇಟ್ಸ್ ರಿಪೋರ್ಟ್’. ಶುರು ಏನು ಮಾಡಿದ್ರೋ ಕೊನೇವರೆಗೂ ಅದೇ. ಮಾತಲ್ಲಿ ಇಂಗ್ಲಿಷರೇ ಹ್ಯಾಸ್-ದೇರ್ ಬೆರೆಸ್ತಾರೆ, ಅದು ಬೇರೆ ವಿಷಯ, ಎರರ್ ಸ್ಪಾಟಿಂಗ್ ಪ್ರಶ್ನೇಲಿ ಅದು ಎರರೇ.

ಕ್ರಿಕೆಟ್ ನೋಡೋರು ಇಲ್ಲಿ ಒಂದು ಪ್ರಶ್ನೆ ಎತ್ತುತ್ತಾರೆ, ನ್ಯಾಯವಾದ ಪ್ರಶ್ನೆ. ‘ಇಂಡಿಯಾ ಹ್ಯಾವ್ ವನ್ ದಿ ಟಾಸ್’ ಅಂತ ಕಾಮೆಂಟರೀಲಿ ಹೇಳ್ತಾರಲ್ಲ, ಇಂಡಿಯಾ ಏಕವಚನ ಅಲ್ವಾ? ಅದು ಬ್ರಿಟಿಷ್ ಕ್ರೀಡಾ ಇಂಗ್ಲಿಷಿನ ಸಂಪ್ರದಾಯ, ದೇಶದ ಹೆಸರು ಆಡೋ ತಂಡವನ್ನ ಸೂಚಿಸಿದಾಗ ಹ್ಯಾವ್, ಆರ್ ಬರುತ್ತೆ. ಅದೇ ಪೇಪರಿನ ಬೇರೆ ಪೇಜಲ್ಲಿ ‘ಇಂಡಿಯಾ ಹ್ಯಾಸ್ ಸೈನ್ಡ್ ಎ ಟ್ರೀಟಿ’ ಅಂತ ಇರುತ್ತೆ, ಅಲ್ಲಿ ಇಂಡಿಯಾ ಅಂದ್ರೆ ದೇಶ, ಒಂದು. ಎರಡೂ ಸರಿ. ಯುನೈಟೆಡ್ ಸ್ಟೇಟ್ಸ್ ಕಥೆ ಇದಕ್ಕಿಂತ ಮಜಾ, ಅವರ ಸಂವಿಧಾನಕ್ಕೆ 1865ರಲ್ಲಿ ಬಂದ ಹದಿಮೂರನೇ ತಿದ್ದುಪಡೀಲಿ ಯುನೈಟೆಡ್ ಸ್ಟೇಟ್ಸ್‌ಗೆ ‘ದೇರ್ ಜ್ಯೂರಿಸ್ಡಿಕ್ಷನ್’ ಅಂತ ಬಹುವಚನ ಹಾಕಿದಾರೆ, ರಾಜ್ಯಗಳು ಅನ್ನೋ ಲೆಕ್ಕದಲ್ಲಿ. ಈಗ ಯಾರಾದ್ರೂ ‘ದಿ ಯುನೈಟೆಡ್ ಸ್ಟೇಟ್ಸ್ ಆರ್’ ಅಂತ ಬರೆದ್ರೆ ತಪ್ಪು, ಈಸ್ ಅಂತಾನೇ ಬರೀಬೇಕು.

ಎಷ್ಟೇ ತಿರುಗಿಸಿದ್ರೂ ಬಹುವಚನವೇ ಆಗೋ ಕೆಲವು ಪದ ಇವೆ: ಪೀಪಲ್, ಪೊಲೀಸ್, ಕ್ಯಾಟಲ್. ಇಲ್ಲಿ ಕನ್ನಡ ಕಿವಿ ನಿಮ್ಮ ಪರ. ‘ಜನ ಬಂದ್ರು’, ‘ಪೊಲೀಸ್ ಬಂದ್ರು’ ಅಂತೀವೇ ಹೊರತು ಬಂತು ಅನ್ನಲ್ಲ. ಹಾಗೇ ‘ದಿ ಪೊಲೀಸ್ ಹ್ಯಾವ್ ಅರೆಸ್ಟೆಡ್’. ‘ದಿ ಪೊಲೀಸ್ ಹ್ಯಾಸ್’ ಅನ್ನೋದು ಪೇಪರಲ್ಲೂ ಆಗಾಗ ಕಾಣುತ್ತೆ, ತಪ್ಪೇ. ಒಬ್ಬರೇ ಪೊಲೀಸ್ ಇದ್ರೆ ‘ಎ ಪೊಲೀಸ್‌ಮ್ಯಾನ್’ ಅಥವಾ ‘ಎ ಪೊಲೀಸ್ ಆಫೀಸರ್’ ಅಂತ ಬರೀರಿ, ಆಗ ಹ್ಯಾಸ್.

ಹಂತ 4: ಓರ್, ನಾರ್ ಇದ್ರೆ ವರ್ಬ್‌ಗೆ ಹತ್ತಿರ ಇರೋರು

ಐದರ್-ಓರ್, ನೈದರ್-ನಾರ್, ನಾಟ್ ಓನ್ಲಿ-ಬಟ್ ಆಲ್ಸೋ, ಮೂರಕ್ಕೂ ಒಂದೇ ರೂಲ್. ಎರಡು ಕರ್ತೃ ಇರ್ತಾರೆ, ವರ್ಬ್‌ಗೆ ಯಾರು ಹತ್ತಿರ ಇದಾರೋ ಅವರ ಪ್ರಕಾರ ವರ್ಬ್.

ಹಂತ 2ಕ್ಕೆ ಇದು ಪೂರ್ತಿ ಉಲ್ಟಾ ಅನ್ನೋದನ್ನ ಗಮನಿಸಿ. ಅಲಾಂಗ್ ವಿತ್‌ನಲ್ಲಿ ಮೊದಲನೇದು ಗೆಲ್ಲುತ್ತೆ, ಓರ್‌ನಲ್ಲಿ ಹತ್ತಿರದ್ದು ಗೆಲ್ಲುತ್ತೆ. ಎರಡನ್ನೂ ಒಂದೇ ದಿನ ಓದಿದೋರು ಒಂದಕ್ಕೊಂದು ಬೆರೆಸಿಬಿಡ್ತಾರೆ. ಯಾಕೆ ಬೇರೆ ಅಂದ್ರೆ, ಅಲಾಂಗ್ ವಿತ್‌ನಲ್ಲಿ ಯಜಮಾನ ಯಾರು ಅಂತ ಗೊತ್ತಿದೆ, ಓರ್‌ನಲ್ಲಿ ಇಬ್ಬರೂ ಸಮ, ಆದ್ರೆ ಕೆಲಸ ಮಾಡೋದು ಯಾವುದೋ ಒಂದೇ ಕಡೆಯೋರು, ಯಾರು ಅಂತ ಗೊತ್ತಿಲ್ಲ. ಹಾಗಾಗಿ ಕೂಡೋಕೂ ಆಗಲ್ಲ, ಒಬ್ಬರನ್ನ ಬಿಡೋಕೂ ಆಗಲ್ಲ, ಪಕ್ಕದಲ್ಲಿ ಇರೋರನ್ನ ಕೇಳಿ ಮುಗಿಸೋದು.

‘ಐದರ್ ದಿ ಪ್ರಿನ್ಸಿಪಾಲ್ ಓರ್ ದಿ ಟೀಚರ್ಸ್ ಆರ್ ಕಮಿಂಗ್.’ ಹತ್ತಿರ ಟೀಚರ್ಸ್, ಆರ್.

‘ಐದರ್ ದಿ ಟೀಚರ್ಸ್ ಓರ್ ದಿ ಪ್ರಿನ್ಸಿಪಾಲ್ ಈಸ್ ಕಮಿಂಗ್.’ ಹತ್ತಿರ ಪ್ರಿನ್ಸಿಪಾಲ್, ಈಸ್.

ಎರಡನೇದು ಗ್ರಾಮರ್ ಪ್ರಕಾರ ಸರಿ, ಕೇಳೋಕೆ ಕಸಿವಿಸಿ. ಅದಕ್ಕೆ ನೀವೇ ಬರೆಯೋವಾಗ ಬಹುವಚನದ್ದನ್ನ ಕೊನೇಲಿ, ವರ್ಬ್ ಪಕ್ಕ ಇಡಿ, ‘ಆರ್’ ಸಲೀಸಾಗಿ ಬರುತ್ತೆ. ಇಬ್ಬರೂ ಏಕವಚನ ಆದ್ರೆ ತಲೆನೋವೇ ಇಲ್ಲ, ‘ಐದರ್ ರವಿ ಓರ್ ಗೀತಾ ಈಸ್ ಕಮಿಂಗ್’, ಹೆಸರು ಎರಡಿದ್ರೂ ಬರೋರು ಒಬ್ಬರೇ.

ಪ್ರಶ್ನಾರ್ಥಕದಲ್ಲಿ ವರ್ಬ್ ಮುಂದಕ್ಕೆ ಹೋಗುತ್ತೆ, ಹತ್ತಿರ ಇರೋರೂ ಬದಲಾಗ್ತಾರೆ: ‘ಈಸ್ ದಿ ಪ್ರಿನ್ಸಿಪಾಲ್ ಓರ್ ದಿ ಟೀಚರ್ಸ್ ಕಮಿಂಗ್?’ ಈಗ ವರ್ಬ್ ಪಕ್ಕ ಪ್ರಿನ್ಸಿಪಾಲ್ ಇದಾರೆ, ಈಸ್. ಹತ್ತಿರ ಅಂದ್ರೆ ‘ಓರ್ ಆದ್ಮೇಲೆ ಬರೋದು’ ಅಂತ ಓದಿಕೊಂಡೋರಿಗೆ ಇದು ತಪ್ಪುತ್ತೆ.

ನಾನು-ನೀನು ಬಂದಾಗಲೂ ಅದೇ ರೂಲ್, ‘ಐದರ್ ಯು ಓರ್ ಐ ಆ್ಯಮ್ ರೆಸ್ಪಾನ್ಸಿಬಲ್’, ‘ನೈದರ್ ಹೀ ನಾರ್ ಯು ಆರ್ ಟು ಬ್ಲೇಮ್’. ಅಲ್ಲಿ ಐ ಪಕ್ಕ ಆ್ಯಮ್, ಇಲ್ಲಿ ಯು ಪಕ್ಕ ಆರ್.

ಒಂದು ಹೊಂಡ ಇದೆ, ಹುಷಾರು. ‘ಐದರ್... ಓರ್’ ಬೇರೆ, ‘ಐದರ್ ಆಫ್’ ಬೇರೆ. ‘ಐದರ್ ಆಫ್ ದಿ ಬಾಯ್ಸ್’ ಅಂದ್ರೆ ಹುಡುಗರಿಬ್ಬರಲ್ಲಿ ಯಾರಾದ್ರೂ ಒಬ್ಬ. ಹಂತ 1ರ ಟೆಸ್ಟ್ ಹಾಕಿ, ಹುಡುಗರಿಗೆ ‘ಅಲ್ಲಿ’ ಅಂಟಿತು, ತಲೆಪದ ಒಬ್ಬ, ಈಸ್. ಪಕ್ಕದಲ್ಲಿ ಬಾಯ್ಸ್ ಇದೆ ಅಂತ ಆರ್ ಹಾಕಿದ್ರೆ ಹತ್ತಿರದ ರೂಲನ್ನ ಬೇಡದ ಕಡೆ ಬಳಸಿದ ಹಾಗೆ. ‘ನೈದರ್ ಆಫ್ ದಿ ಆನ್ಸರ್ಸ್ ಈಸ್ ಕರೆಕ್ಟ್’ ಕೂಡ ಹೀಗೇ. ಹತ್ತಿರದ ರೂಲ್ ಓರ್, ನಾರ್, ಬಟ್ ಆಲ್ಸೋ ಕಂಡಾಗ ಮಾತ್ರ.

ಹಂತ 5: ಬಗೆಹರಿಯಲಿಲ್ವಾ, ತಪ್ಪಿಸ್ಕೊಳ್ಳಿ

ಇದು ಎಕ್ಸಾಮಿಗೆ ಅಲ್ಲ, ಬರೆಯೋರಿಗೆ. ಕನ್ನಡದಲ್ಲಿ ‘ನೀನೋ ನಾನೋ’ ಅಂದ್ಮೇಲೆ ಏನಂತೀವಿ? ‘ನೀನೋ ನಾನೋ ಹೋಗ್ಬೇಕು’. ಈ ‘ಬೇಕು’ ನಾನು, ನೀನು, ಅವರು ಯಾರಿಗೂ ಬದಲಾಗಲ್ಲ, ಅದಕ್ಕೇ ಇಂಥ ಇಕ್ಕಟ್ಟಲ್ಲಿ ಬಾಯಿಗೆ ಅದೇ ಬರುತ್ತೆ. ಇಂಗ್ಲಿಷಲ್ಲೂ ವಿಲ್, ಮಸ್ಟ್, ಶುಡ್ ಅದೇ ಜಾತಿ, ಮೋಡಲ್ ವರ್ಬ್ ಅಂತಾರೆ, ಸಹಾಯಕ ಕ್ರಿಯಾಪದ, ಯಾರಿಗೂ ರೂಪ ಬದಲಿಸಲ್ಲ. ‘ಐದರ್ ಯು ಓರ್ ಐ ಮಸ್ಟ್ ಗೋ’. ಆ್ಯಮ್-ಆರ್ ಜಗಳಾನೇ ಇಲ್ಲ.

ಕಾನೂನಿನ ಬರಹ ಓದಿ ನೋಡಿ, ‘ಶಲ್’ ತುಂಬಿರುತ್ತೆ. ನಮ್ಮ ಸಂವಿಧಾನದ 75(3)ನೇ ವಿಧೀಲಿ ‘ದಿ ಕೌನ್ಸಿಲ್ ಆಫ್ ಮಿನಿಸ್ಟರ್ಸ್ ಶಲ್ ಬಿ ಕಲೆಕ್ಟಿವ್ಲಿ ರೆಸ್ಪಾನ್ಸಿಬಲ್’ ಅಂತ ಇದೆ. ಅಲ್ಲಿ ಶಲ್ ಹಾಕಿರೋದು ವಿಧಿಸೋ ಅರ್ಥಕ್ಕೆ, ಆದ್ರೆ ಕೌನ್ಸಿಲ್ ಒಂದೋ ಹಲವೋ ಅನ್ನೋ ಪ್ರಶ್ನೆ ಅದರ ಜೊತೇಲೇ ಮಾಯ. ಕಲೆಕ್ಟಿವ್ ನೌನಿಗೆ ಇನ್ನೊಂದು ಉಪಾಯ, ಮುಂದೆ ‘ಮೆಂಬರ್ಸ್ ಆಫ್’ ಸೇರಿಸೋದು. ‘ದಿ ಮೆಂಬರ್ಸ್ ಆಫ್ ದಿ ಜ್ಯೂರಿ ವರ್ ಡಿವೈಡೆಡ್’ ಅಂದ್ರೆ ಅಮೆರಿಕದೋರೂ ತಕರಾರು ಮಾಡಲ್ಲ.

ಒಂದು ಮೇಲ್ ತಿದ್ದೋಣ

ಈಗ ಎಲ್ಲಾ ಹಂತ ಒಟ್ಟಿಗೆ. ಸಿವಿಲ್ ಕಂಪನಿಯ ಒಬ್ಬ ಇಂಜಿನಿಯರ್ ಕ್ಲೈಂಟಿಗೆ ಹೀಗೆ ಬರೆದಿದಾರೆ ಅಂತ ಇಟ್ಕೊಳ್ಳಿ:

‘ಅವರ್ ಟೀಮ್ ಅಲಾಂಗ್ ವಿತ್ ಟೂ ಇಂಟರ್ನ್ಸ್ ಆರ್ ವಿಸಿಟಿಂಗ್ ದಿ ಸೈಟ್ ಟುಮಾರೋ. ಐದರ್ ದಿ ಸೈಟ್ ಇಂಜಿನಿಯರ್ ಓರ್ ದಿ ಸೂಪರ್‌ವೈಸರ್ಸ್ ಹ್ಯಾಸ್ ಟು ಬಿ ಪ್ರೆಸೆಂಟ್. ದಿ ಕಮಿಟಿ ಹ್ಯಾವ್ ಅಪ್ರೂವ್ಡ್ ಇಟ್ಸ್ ಬಜೆಟ್. ಎ ನಂಬರ್ ಆಫ್ ಡ್ರಾಯಿಂಗ್ಸ್ ಈಸ್ ಪೆಂಡಿಂಗ್.’

ನಾಲ್ಕು ವಾಕ್ಯ, ನಾಲ್ಕರಲ್ಲೂ ತಪ್ಪು.

ಮೊದಲನೇದು. ‘ಅಲಾಂಗ್ ವಿತ್ ಟೂ ಇಂಟರ್ನ್ಸ್’ ಮುಚ್ಚಿ. ‘ಅವರ್ ಟೀಮ್ ... ವಿಸಿಟಿಂಗ್’. ಟೀಮ್ ಕಲೆಕ್ಟಿವ್ ನೌನ್, ಒಂದಾಗಿ ಹೋಗ್ತಿದೆ, ದೇರ್ ಅಂತ ಸುಳಿವೂ ಇಲ್ಲ. ಈಸ್. ಬ್ರಿಟಿಷ್ ರೂಢೀಲಿ ‘ಟೀಮ್ ಆರ್’ ನಡೆಯುತ್ತಲ್ಲ ಅಂತ ನೀವು ವಾದ ಮಾಡಬಹುದು, ಒಪ್ಪಿದೆ, ಆದ್ರೆ ಇಲ್ಲಿ ಬರೆದೋರು ಆರ್ ಹಾಕಿದ್ದು ಆ ರೂಢಿ ನೋಡಿ ಅಲ್ಲ, ಇಂಟರ್ನ್ಸ್ ನೋಡಿ. ಜೊತೆಗೆ ಎರಡು ಕಾಮಾನೂ ಹಾಕಿ, ಟೀಮ್ ಆದ್ಮೇಲೊಂದು, ಇಂಟರ್ನ್ಸ್ ಆದ್ಮೇಲೊಂದು. ಒಂದೇ ಹಾಕಿ ಇನ್ನೊಂದು ಬಿಡೋದು ಎರಡೂ ಬಿಡೋದಕ್ಕಿಂತ ಕೆಟ್ಟದ್ದು.

ಎರಡನೇದು. ಓರ್ ಇದೆ, ಹತ್ತಿರ ಯಾರು? ಸೂಪರ್‌ವೈಸರ್ಸ್. ಹ್ಯಾವ್ ಟು ಬಿ ಪ್ರೆಸೆಂಟ್. ಕಸಿವಿಸಿ ಅನ್ಸಿದ್ರೆ ‘ಮಸ್ಟ್ ಬಿ ಪ್ರೆಸೆಂಟ್’ ಅಂತ ಬರೀರಿ, ಚಿಕ್ಕದಾಗಿಯೂ ಇರುತ್ತೆ.

ಮೂರನೇದು. ಹ್ಯಾವ್ ಒಂದು ಕಡೆ, ಇಟ್ಸ್ ಇನ್ನೊಂದು ಕಡೆ, ಎರಡು ದೋಣಿ. ಬಜೆಟ್ ಒಪ್ಪಿದ್ದು ಇಡೀ ಕಮಿಟಿ, ನಿರ್ಧಾರ ಒಂದು. ಇಟ್ಸ್ ಹಾಗೇ ಇರ್ಲಿ, ಹ್ಯಾವ್ ತೆಗೆದು ಹ್ಯಾಸ್ ಮಾಡಿ.

ನಾಲ್ಕನೇದು. ಕನ್ನಡಕ್ಕೆ ತಿರುಗಿಸಿ, ‘ಹಲವಾರು ಡ್ರಾಯಿಂಗ್‌ಗಳು ಬಾಕಿ ಇವೆ’. ಡ್ರಾಯಿಂಗಿಗೆ ವಿಭಕ್ತಿ ಅಂಟಿಲ್ಲ, ಅದೇ ತಲೆ, ಆರ್ ಪೆಂಡಿಂಗ್. ಇಲ್ಲಿ ನಂಬರ್ ಅನ್ನೋದನ್ನ ತಲೆ ಅಂತ ತಿಳಿದು ಈಸ್ ಹಾಕಿದಾರೆ, ಗ್ರಾಮರ್ ಸ್ವಲ್ಪ ಗೊತ್ತಿರೋರು ಮಾಡೋ ತಪ್ಪು ಇದು, ಏನೂ ಗೊತ್ತಿಲ್ಲದೋರು ಡ್ರಾಯಿಂಗ್ಸ್ ನೋಡಿ ಆರ್ ಅಂತ ಸರಿಯಾಗೇ ಬರೆದಿರ್ತಿದ್ರು. ಕ್ಲೈಂಟಿಗೆ ಎಷ್ಟು ಬಾಕಿ ಅಂತ ಹೇಳೋದಿದ್ರೆ ‘ದಿ ನಂಬರ್ ಆಫ್ ಪೆಂಡಿಂಗ್ ಡ್ರಾಯಿಂಗ್ಸ್ ಈಸ್ ಸಿಕ್ಸ್’ ಅಂತ ಬರೀಬಹುದು, ಆಗ ಈಸ್ ಸರಿ. ನನ್ನ ಕೇಳಿದ್ರೆ ‘ಸಿಕ್ಸ್ ಡ್ರಾಯಿಂಗ್ಸ್ ಆರ್ ಪೆಂಡಿಂಗ್’ ಅಂತ ನೇರವಾಗಿ ಬರೆದು ಮುಗಿಸಿ, ಓದೋರಿಗೂ ಅದೇ ಬೇಕಾಗಿರೋದು.